ರಾತ್ರಿ ಪಾಳಿಗೆ ಕಾಯಂ ತಂಡ ಇರಬೇಕೇ?

ಪರ: ಒಂದೇ ಪಾಳಿ ಕೊಡಿ, ರಾತ್ರಿಯಾದರೂ ಸರಿ
(ಕಾಲ್ ಸೆಂಟರ್ ಉದ್ಯೋಗಿ, ಬೆಂಗಳೂರು)

ರಾತ್ರಿಯಿಡೀ ಹೆಡ್‌ಸೆಟ್ ಹಾಕಿಕೊಂಡು ಕೂರುವುದು ಅಭ್ಯಾಸವಾಗಿಬಿಡುತ್ತದೆ. ಅಭ್ಯಾಸವಾಗದೇ ಉಳಿಯುವುದು ರೋಸ್ಟರ್. ಈ ವಾರ ರಾತ್ರಿ, ಮುಂದಿನ ವಾರ ಬೆಳಿಗ್ಗೆ, ಅದರಾಚೆಯ ವಾರ ಮಧ್ಯಾಹ್ನ ಎಂದು ಬಂದಾಗಲೇ ಮೈ ಕೆಡುವುದು.

ಕಾರಣ ಸರಳ. ಮಿದುಳಿನಲ್ಲಿರುವ ದೇಹದ ಗಡಿಯಾರ ಬೆಳಕು-ಕತ್ತಲೆ ನೋಡಿಕೊಂಡು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಯುತ್ತದೆ. ರಾತ್ರಿ ಹನ್ನೊಂದಕ್ಕೆ ಮಲಗುತ್ತಿದ್ದವಳು ಬೆಳಿಗ್ಗೆ ಎಂಟಕ್ಕೆ ಮಲಗಬೇಕೆಂದರೆ ಒಂಬತ್ತು ಗಂಟೆ ಸರಿಯಬೇಕು, ಅಂದರೆ ಒಂದು ವಾರಕ್ಕಿಂತ ಹೆಚ್ಚು. ವಾರಕ್ಕೊಮ್ಮೆ ಪಾಳಿ ಬದಲಾದರೆ ಅದು ಅರ್ಧ ದಾರಿ ತಲುಪುವಷ್ಟರಲ್ಲಿ ರೋಸ್ಟರ್ ಅದನ್ನು ವಾಪಸ್ ಎಳೆಯುತ್ತದೆ. ಊಟದ ಹೊತ್ತಿಗೆ ಹಸಿವಿಲ್ಲ, ಮಲಗುವ ಹೊತ್ತಿಗೆ ಹಸಿವು. ನಮ್ಮ ಪ್ಯಾಂಟ್ರಿಯಲ್ಲಿ ಬಿಸ್ಕತ್ತಿನ ಜೊತೆ ಆಸಿಡಿಟಿ ಮಾತ್ರೆಯ ಸ್ಟ್ರಿಪ್ಪೂ ಸದಾ ಇರುತ್ತದೆ.

ಎಲ್ಲಕ್ಕಿಂತ ಅಪಾಯ ಮೊದಲ ರಾತ್ರಿಯದು. ನಮ್ಮ ತಂಡದ ಹುಡುಗನೊಬ್ಬನ ಲೆಕ್ಕ ನೋಡಿ. ಹಿಂದಿನ ವಾರ ಬೆಳಗಿನ ಪಾಳಿ ಇದ್ದುದರಿಂದ ಸೋಮವಾರವೂ ಏಳಕ್ಕೇ ಎಚ್ಚರವಾಯಿತು. ಮಧ್ಯಾಹ್ನ ಮಲಗಲು ನೋಡಿದ, ನಿದ್ದೆ ಹತ್ತಲಿಲ್ಲ. ಸಂಜೆ ಏಳೂವರೆಗೆ ಲಾಗಿನ್, ಬೆಳಗಿನ ಜಾವ ನಾಲ್ಕೂವರೆಗೆ ಲಾಗೌಟ್. ಅಷ್ಟು ಹೊತ್ತಿಗೆ ಎಚ್ಚರವಿದ್ದು ಇಪ್ಪತ್ತೊಂದೂವರೆ ಗಂಟೆ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಇರುವ ಮಿತಿ ಶೇ 0.03. ಅವನು ಕ್ಯಾಬಿಗೆ ಕಾಯಲಾರದೆ ಬೈಕಿನಲ್ಲೇ ಹೊರಟ. ಪೊಲೀಸರ ಯಂತ್ರಕ್ಕೆ ಊದಿದ್ದರೆ ಸೊನ್ನೆ ಬರುತ್ತಿತ್ತು. ಸರದಿ ಪಾಳಿಯಲ್ಲಿ ಇಂಥ ಮೊದಲ ರಾತ್ರಿ ಮತ್ತೆ ಮತ್ತೆ ಬರುತ್ತದೆ. ಕಾಯಂ ರಾತ್ರಿಯವರಿಗೂ ವಾರದ ರಜೆಯ ನಂತರ ಒಂದು ಮೊದಲ ರಾತ್ರಿ ಇದ್ದೇ ಇದೆ. ಆದರೆ ರಜೆಯಲ್ಲೂ ತಡವಾಗಿ ಮಲಗಿ ತಡವಾಗಿ ಏಳುವ ರೂಢಿ ಇಟ್ಟುಕೊಂಡರೆ ಅದು ಇಷ್ಟು ಉದ್ದವಾಗುವುದಿಲ್ಲ.

ಇನ್ನು ಮನೆ. ನಾನು ಒಂಬತ್ತರಿಂದ ಮೂರರವರೆಗೆ ಮಲಗುತ್ತೇನೆ ಎಂಬುದು ಸ್ಥಿರವಾಗಿದ್ದರೆ ಎಲ್ಲರೂ ಅದಕ್ಕೆ ಹೊಂದಿಕೊಳ್ಳುತ್ತಾರೆ. ಕಿಟಕಿಗೆ ಕಪ್ಪು ಪರದೆ ಬರುತ್ತದೆ, ಕಾಲಿಂಗ್ ಬೆಲ್‌ನ ಸ್ವಿಚ್ ಆರುತ್ತದೆ, ಅತ್ತೆ ಕುಕ್ಕರ್ ಇಡುವ ಹೊತ್ತು ಬದಲಾಗುತ್ತದೆ, ಮಗು ಅಮ್ಮ ಮೂರಕ್ಕೆ ಏಳುತ್ತಾಳೆ ಎಂದು ಕಾಯುವುದನ್ನು ಕಲಿಯುತ್ತದೆ. ಪ್ರತಿ ವಾರ ಪಾಳಿ ಬದಲಾದರೆ ಸ್ಕೂಲ್ ವ್ಯಾನಿನ ಹತ್ತಿರ ಯಾರು ನಿಲ್ಲಬೇಕು ಎಂಬುದಕ್ಕೂ ಭಾನುವಾರ ರಾತ್ರಿ ಜಗಳ. ನ್ಯೂಯಾರ್ಕಿನವರು ಮಾರ್ಚ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದಿಟ್ಟಾಗ ನಮ್ಮ ಲಾಗಿನ್ ಏಳೂವರೆಯಿಂದ ಆರೂವರೆಗೆ ಬರುತ್ತದೆ. ಆ ಒಂದೇ ಗಂಟೆಗೆ ಇಡೀ ಮನೆ ಏರುಪೇರಾಗುತ್ತದೆ ಎಂದಮೇಲೆ ಎಂಟು-ಒಂಬತ್ತು ಗಂಟೆಯ ಬದಲಾವಣೆಯ ಮಾತೇ ಬೇಡ.

ಒಪ್ಪಿ ಬಂದವರನ್ನೇ ರಾತ್ರಿಗೆ ಹಾಕಬೇಕು, ಭತ್ಯೆ ಸರಿಯಾಗಿ ಕೊಡಬೇಕು, ಸಾಕೆಂದಾಗ ಹಗಲಿಗೆ ಬರಲು ಬಿಡಬೇಕು. ಇಷ್ಟಿದ್ದರೆ ನನ್ನ ಮತ ಕಾಯಂ ತಂಡಕ್ಕೆ.

ವಿರೋಧ: ದೇಹ ಒಗ್ಗಿಕೊಳ್ಳುವುದಿಲ್ಲ
(ವಾರ್ಡ್ ಇನ್‌ಚಾರ್ಜ್ ನರ್ಸ್, ಮೈಸೂರು)

ಡ್ಯೂಟಿ ಲಿಸ್ಟ್ ಬರೆಯುವವಳು ನಾನು. "ಸಿಸ್ಟರ್, ನನಗೆ ನೈಟೇ ಹಾಕಿಬಿಡಿ" ಎಂದು ಕೇಳಿಕೊಂಡು ಬರುವವರು ಯಾರೆಂದು ಗೊತ್ತು. ರಾತ್ರಿ ಇಷ್ಟಪಡುವವರು ಅದರಲ್ಲಿ ಕಡಿಮೆ. ಮಗುವನ್ನು ಹಗಲು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇಲ್ಲದವರು, ಸಾಲದ ಕಂತಿಗೆ ಭತ್ಯೆಯ ಹಣ ಬೇಕಾದವರೇ ಹೆಚ್ಚು. ಮಗುವಿಗಾಗಿ ರಾತ್ರಿ ಕೇಳಿಕೊಂಡವಳು ಬೆಳಿಗ್ಗೆ ಒಂಬತ್ತಕ್ಕೆ ಮನೆ ಸೇರಿ ಮಲಗುತ್ತಾಳೆಯೇ? ಮಗು ಮಲಗಿದಾಗ ಎರಡು ತಾಸು, ಸಂಜೆ ಹೊರಡುವ ಮುಂಚೆ ಒಂದು ತಾಸು. ಇದನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಗಡಿಯಾರ ನಿಧಾನವಾಗಿ ಸರಿಯುತ್ತದೆ ಎಂಬ ಮಾತು ಸರಿ. ಆದರೆ ಕಾಯಂ ರಾತ್ರಿಯವರಲ್ಲೂ ಅದು ಪೂರ್ತಿ ಸರಿದು ನಿಲ್ಲುವುದಿಲ್ಲ. ಅಂಥ ಕೆಲಸಗಾರರಲ್ಲಿ, ಕತ್ತಲಾದಾಗ ದೇಹದಲ್ಲಿ ಏರುವ ಮೆಲಟೋನಿನ್ ಎಂಬ ಹಾರ್ಮೋನನ್ನು ಅಳೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಗಣನೀಯವಾಗಿ ಹೊಂದಿಕೊಂಡವರು ನಾಲ್ಕರಲ್ಲಿ ಒಬ್ಬರಿಗಿಂತಲೂ ಕಡಿಮೆ. ಬೆಳಿಗ್ಗೆ ಎಂಟೂವರೆಗೆ ಬಸ್ ಸ್ಟಾಪಿನಲ್ಲಿ ನಿಂತಾಗ ಮುಖಕ್ಕೆ ಬೀಳುವ ಬಿಸಿಲು ದೇಹಕ್ಕೆ ಈಗ ಹಗಲು ಎಂದೇ ಹೇಳುತ್ತದೆ. ವಾರದ ರಜೆಯಲ್ಲಿ ಮದುವೆ, ಸ್ಕೂಲ್ ಮೀಟಿಂಗ್, ಬ್ಯಾಂಕು ಎಲ್ಲವೂ ಹಗಲಲ್ಲೇ. ರಜೆಯಲ್ಲೂ ರಾತ್ರಿಯ ರೂಢಿ ಬಿಡದೆ ಬದುಕುವವರನ್ನು ನಾನಂತೂ ನೋಡಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ, ಮತ್ತೆ 2019ರಲ್ಲಿ ರಾತ್ರಿ ಪಾಳಿಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಗುಂಪಿಗೆ ಸೇರಿಸಿತು. ನಂಟು ಖಚಿತವೆಂದು ಅದು ಹೇಳಿಲ್ಲ. ಅಷ್ಟಾದರೂ ಸಂದೇಹವಿರುವಾಗ ವರ್ಷಗಟ್ಟಲೆ ರಾತ್ರಿಗಳನ್ನು ಕೆಲವೇ ಜನರ ಮೈಮೇಲೆ ಯಾಕೆ ಹೇರಬೇಕು?

ಹಾಗೆಂದು ವಾರಕ್ಕೊಮ್ಮೆ ಬದಲಾಗುವ ಪಾಳಿಯನ್ನು ನಾನು ಸಮರ್ಥಿಸುವುದಿಲ್ಲ. ಅದರಲ್ಲೂ ರಾತ್ರಿ ಆದಮೇಲೆ ಸಂಜೆ, ಸಂಜೆ ಆದಮೇಲೆ ಬೆಳಿಗ್ಗೆ ಎಂಬ ಹಿಮ್ಮುಖ ಸರದಿ ಅತಿ ಕೆಟ್ಟದ್ದು. ಸಂಜೆ ಪಾಳಿ ಎಂಟಕ್ಕೆ ಮುಗಿದು, ಹ್ಯಾಂಡ್‌ಓವರ್ ಕೊಟ್ಟು ಮನೆ ಸೇರುವಾಗ ಹತ್ತು. ಮರುದಿನ ಎಂಟಕ್ಕೆ ವಾರ್ಡಿನಲ್ಲಿರಬೇಕಾದರೆ ಐದೂವರೆಗೆ ಏಳಬೇಕು. ಊಟ, ಪಾತ್ರೆ ಮುಗಿಸಿ ಮಲಗಿದರೆ ಸಿಗುವುದು ಆರು ಗಂಟೆಯೂ ಇಲ್ಲ. ಯುರೋಪಿನ ಕಾನೂನು ಎರಡು ಪಾಳಿಗಳ ನಡುವೆ ಕನಿಷ್ಠ 11 ಗಂಟೆ ಬಿಡುವು ಕೊಡಿ ಎನ್ನುತ್ತದೆ. ನಮ್ಮ ಈ ಬಿಡುವು ಕಾಗದದ ಮೇಲೆ 12 ಗಂಟೆಯಾಗಿ ಕಾಣುತ್ತದೆ; ಹ್ಯಾಂಡ್‌ಓವರ್ ಮತ್ತು ಬಸ್ಸು ಅದರಲ್ಲಿ ಎರಡು-ಮೂರನ್ನು ನುಂಗುತ್ತವೆ.

ನಾನು ಹೇಳುವುದು ಮುಮ್ಮುಖ, ಬೇಗ ಬದಲಾಗುವ ಸರದಿ. ಎರಡು ದಿನ ಬೆಳಿಗ್ಗೆ 8ರಿಂದ 2, ಎರಡು ದಿನ ಮಧ್ಯಾಹ್ನ 2ರಿಂದ 8, ಎರಡು ರಾತ್ರಿ 8ರಿಂದ ಬೆಳಿಗ್ಗೆ 8, ಆಮೇಲೆ ಎರಡು ದಿನ ರಜೆ. ಎಂಟು ದಿನಕ್ಕೆ 48 ಗಂಟೆ ಕೆಲಸ. ಎರಡೇ ರಾತ್ರಿಯಾದ್ದರಿಂದ ದೇಹದ ಗಡಿಯಾರ ಹಗಲಿನಲ್ಲೇ ಉಳಿಯುತ್ತದೆ, ನಿದ್ದೆಯ ಸಾಲ ಎರಡು ದಿನದ್ದಷ್ಟೇ. ಎರಡನೇ ರಾತ್ರಿ ಮುಗಿಸಿ ಬಂದವರು ಮಧ್ಯಾಹ್ನ ಹನ್ನೆರಡಕ್ಕೆ ಎದ್ದುಬಿಟ್ಟರೆ ಆ ರಾತ್ರಿ ಎಲ್ಲರ ಜೊತೆ ಮಲಗಬಹುದು. ರಜೆಯ ಮೊದಲ ದಿನ ಅರ್ಧ ಹಾಳು, ಎರಡನೆಯದು ಪೂರ್ತಿ ನಮ್ಮದು. ರಾತ್ರಿ ಇಪ್ಪತ್ತು ನಿಮಿಷ ಸರದಿಯಂತೆ ತಲೆ ಒರಗಿಸಲು ಬಿಡಬೇಕು. ನಾಲ್ಕರ ಹೊತ್ತಿಗೆ ಬರೆದ ಚಾರ್ಟಿನಲ್ಲಿ ಅಕ್ಷರ ಓರೆಯಾಗಿರುವುದು ಬೆಳಗಿನ ಹ್ಯಾಂಡ್‌ಓವರ್‌ನಲ್ಲಿ ಕಾಣುತ್ತದೆ. ಆ ಹೊತ್ತಿನ ಇನ್ಸುಲಿನ್ ಯೂನಿಟ್ಟನ್ನು ಇನ್ನೊಬ್ಬರು ನೋಡದೆ ಕೊಡಬಾರದು ಎಂದು ನಾನು ಹೇಳುವುದು ಅದಕ್ಕೇ.

ಇದರಲ್ಲಿ ಎರಡು ತೊಡಕಿವೆ. ಎಂಟು ದಿನದ ಸರದಿ ವಾರಕ್ಕೆ ಹೊಂದದ್ದರಿಂದ ರಜೆ ಪ್ರತಿ ಸಲ ಒಂದು ದಿನ ಮುಂದೆ ಹೋಗುತ್ತದೆ. ಭಾನುವಾರ ಸಿಗುವುದು ಅಪರೂಪ. ಎರಡನೆಯದು ಜನ. ಒಂದು ಹುದ್ದೆಯನ್ನು ದಿನವಿಡೀ ತುಂಬಲು ಈ ಲೆಕ್ಕದಲ್ಲಿ ನಾಲ್ವರು ಬೇಕು, ಜ್ವರ, ಬಾಣಂತನ, ಹಬ್ಬದ ರಜೆ ಸೇರಿಸಿದರೆ ಐವರು. ಮೂವರನ್ನಿಟ್ಟುಕೊಂಡು ನಡೆಸುವ ನರ್ಸಿಂಗ್ ಹೋಮಿನಲ್ಲಿ ಯಾವ ಸರದಿಯೂ ನಡೆಯುವುದಿಲ್ಲ. ಅಲ್ಲಿ ಕಾಯಂ ರಾತ್ರಿ ತಂಡ ಎಂಬ ಮಾತು ಬಂದರೆ, ಇನ್ನಿಬ್ಬರನ್ನು ಯಾವಾಗ ತೆಗೆದುಕೊಳ್ಳುತ್ತೀರಿ ಎಂದು ಮೊದಲು ಕೇಳುತ್ತೇನೆ.