ಕಡಿದದ್ದೂ 2,400, ತುಂಬಿದ್ದೂ 2,400

ಹೋದ ತಿಂಗಳು ನಮ್ಮ ಸೋದರಮಾವನ ಮಗ ಗದಗಿನಿಂದ ಹುಬ್ಬಳ್ಳಿಗೆ ಬಂದಿದ್ದ. ಕೈಯಲ್ಲಿ ಒಂದು ರಸ್ತೆ ಕೆಲಸದ ಬಿಒಕ್ಯೂ, ಅಂದರೆ ಯಾವ ಕೆಲಸ ಎಷ್ಟು, ರೇಟು ಎಷ್ಟು ಅಂತ ಬರೆದ ಪಟ್ಟಿ. ಅಣ್ಣಿಗೇರಿ ಕಡೆ ಎರೆ ಹೊಲಗಳ ನಡುವಿನ 900 ಮೀಟರ್ ಹಳ್ಳಿ ರಸ್ತೆ. ಮಳೆಗಾಲದಲ್ಲಿ ನೀರು ನಿಲ್ಲುತ್ತೆ ಅಂತ ಎತ್ತರಿಸಿ ಮಾಡುತ್ತಿದ್ದಾರೆ. ಮಣ್ಣಿನ ಕೆಲಸವಷ್ಟನ್ನೇ ಇವನು ಮುಖ್ಯ ಗುತ್ತಿಗೆದಾರರಿಂದ ಸಬ್ ಕಾಂಟ್ರ್ಯಾಕ್ಟ್ ಹಿಡಿಯುವವನಿದ್ದ.

"ಅಣ್ಣಾ, ಗರಸಿನ ರೇಟು 390 ಹಾಕ್ಯಾರ. ಹತ್ತು ರೂಪಾಯಿ ಜಾಸ್ತಿ ಕೇಳ್ಲೇನು?"

ಹತ್ತು ರೂಪಾಯಿಯ ಮಾತು ಆಮೇಲೆ ಅಂದೆ. ಮೊದಲು ಹಾಳೆ ಕೊಡು.

ಮಣ್ಣಿಗೆ ಸಂಬಂಧಪಟ್ಟ ಸಾಲು ಬರೀ ಮೂರು. ಕಟಿಂಗ್ 2,400 ಘನ ಮೀಟರ್. ಕಟಿಂಗ್ ಮಣ್ಣು ಬಳಸಿ ಭರ್ತಿ 2,400, ರೇಟು 110 ರೂಪಾಯಿ. ಹೊರಗಿನಿಂದ ಗರಸು ತಂದು ಭರ್ತಿ 1,968, ರೇಟು 390.

ಇಪ್ಪತ್ತು ವರ್ಷದಿಂದ ಇಂಥ ಹಾಳೆಗಳನ್ನೇ ನೋಡುತ್ತಾ ಬಂದವನು ನಾನು. ಎರಡು ಸಾಲಿನಲ್ಲಿ ಒಂದೇ ಅಂಕಿ ಕಂಡರೆ ಪೆನ್ನು ಅಲ್ಲೇ ನಿಲ್ಲುತ್ತೆ. ಕಡಿದ ಮಣ್ಣು ಯಾವತ್ತೂ ಅಷ್ಟಕ್ಕಷ್ಟೇ ಭರ್ತಿ ಆಗಲ್ಲ. ನೆಲದಲ್ಲಿದ್ದಾಗ ಅದರದ್ದು ಒಂದು ಅಳತೆ, ಟಿಪ್ಪರ್‌ನಲ್ಲಿ ಇನ್ನೊಂದು, ರೋಲರ್ ಓಡಿದ ಮೇಲೆ ಮತ್ತೊಂದು. ಎರಡೂ ಕಡೆ 2,400 ಇದೆ ಅಂದರೆ ಯಾರೋ ಒಂದು ಸೆಲ್‌ನಿಂದ ಇನ್ನೊಂದಕ್ಕೆ ಕಾಪಿ ಮಾಡಿ ಮುಂದೆ ಹೋಗಿದ್ದಾರೆ, ಅಷ್ಟೇ.

ಇಲ್ಲಿ ಅದಕ್ಕಿಂತ ದೊಡ್ಡ ತೊಡಕಿತ್ತು. ಆ ಕಟಿಂಗ್ ಮಣ್ಣು ಯಾವುದು? ಎರೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತೆ, ಮಳೆಗೆ ಉಬ್ಬುತ್ತೆ. ಅದನ್ನು ತೆಗೆದು ರಸ್ತೆಯ ಹೊಟ್ಟೆಗೆ ತುಂಬೋದಾ?

"ಮಣ್ಣಿಂದೇನೈತಿ ಅಣ್ಣಾ, ಆ ದಿಬ್ಬದಾಗಿಂದ ತಗದು ಈ ತಗ್ಗಿಗೆ ಹಾಕೂದು, ಆತಲ್ಲ" ಅಂದ ಇವನು. ಎಸ್ಟಿಮೇಟ್ ಮಾಡಿದವರೂ ಹಾಗೇ ಅಂದುಕೊಂಡಿರಬೇಕು.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಸ್ಪೆಸಿಫಿಕೇಶನ್ ಇದೆಯಲ್ಲ, ಸೈಟಿನಲ್ಲಿ ನಾವೆಲ್ಲ ಮೋರ್ಥ್ ಅನ್ನುವುದು, ಅದರ 305ನೇ ಕಲಮಿನಲ್ಲಿ ಈ ಮಾತು ಸ್ಪಷ್ಟವಾಗಿದೆ. ಮಣ್ಣಿನ ಫ್ರೀ ಸ್ವೆಲ್ ಇಂಡೆಕ್ಸ್, ಅಂದರೆ ನೀರಿನಲ್ಲಿ ಅದು ಎಷ್ಟು ಉಬ್ಬುತ್ತೆ ಅನ್ನುವ ಅಳತೆ, ಶೇ. 50ಕ್ಕಿಂತ ಜಾಸ್ತಿ ಬಂದರೆ ಅದನ್ನು ಭರ್ತಿಗೆ ಬಳಸುವ ಹಾಗೇ ಇಲ್ಲ. ಅದಕ್ಕಿಂತ ಕಡಿಮೆ ಬಂದರೂ ಉಬ್ಬುವ ಜಾತಿಯ ಮಣ್ಣಾದರೆ ಸಬ್‌ಗ್ರೇಡ್‌ನ, ಅಂದರೆ ರಸ್ತೆಯ ಜಲ್ಲಿ ಪದರಗಳ ಕೆಳಗೇ ಬರುವ ಮಣ್ಣಿನ ಪದರದ, 500 ಮಿಲಿಮೀಟರ್‌ನಲ್ಲಿ ಅದು ಇರಬಾರದು. ಅದರ ಕೆಳಗಿನ ಇನ್ನೊಂದು 500ರಲ್ಲೂ ಇರಬಾರದು. ಈ ಒಪ್ಪಂದದಲ್ಲಿ ಅದೇ ಸ್ಪೆಸಿಫಿಕೇಶನ್ ಹಾಕಿದ್ದರು.

ಆ ಟೆಸ್ಟ್ ಏನು ದೊಡ್ಡ ವಿದ್ಯೆಯಲ್ಲ. ದಿಬ್ಬದಿಂದ ಒಂದು ಚೀಲ ಮಣ್ಣು ತರಿಸಿ ಹುಬ್ಬಳ್ಳಿಯ ಒಂದು ಲ್ಯಾಬ್‌ಗೆ ಕೊಟ್ಟೆವು. ಒಣಗಿಸಿ, ಪುಡಿ ಮಾಡಿ, 425 ಮೈಕ್ರಾನ್ ಜರಡಿ ಹಿಡಿದು, ಹತ್ತು ಹತ್ತು ಗ್ರಾಂ ತೂಗುತ್ತಾರೆ. 100 ಎಂಎಲ್‌ನ ಎರಡು ಗಾಜಿನ ಸಿಲಿಂಡರ್. ಒಂದರಲ್ಲಿ ಸೀಮೆಎಣ್ಣೆ, ಇನ್ನೊಂದರಲ್ಲಿ ಡಿಸ್ಟಿಲ್ಡ್ ವಾಟರ್. ಎರಡಕ್ಕೂ ಮಣ್ಣು ಹಾಕಿ, ಕಲಕಿ ಗಾಳಿ ಗುಳ್ಳೆ ಬಿಡಿಸಿ, 24 ತಾಸು ಇಡುವುದು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬಲ್ಲ, ನೀರಿನಲ್ಲಿ ಉಬ್ಬುತ್ತೆ. ಮರುದಿನ ನೋಡಿದರೆ ಸೀಮೆಎಣ್ಣೆಯಲ್ಲಿ ಮಣ್ಣು 11 ಎಂಎಲ್‌ಗೆ ಕೂತಿತ್ತು. ನೀರಿನಲ್ಲಿ 19. ಹೆಚ್ಚಿಗೆ ಉಬ್ಬಿದ್ದು 8, ಅದನ್ನು 11ರಿಂದ ಭಾಗಿಸಿದರೆ ಶೇ. 73. ಇವನು ಎರಡೂ ಸಿಲಿಂಡರ್ ಪಕ್ಕ ಪಕ್ಕ ಇಟ್ಟು ಫೋಟೊ ಹೊಡೆದುಕೊಂಡ. ಮಾತಿಗಿಂತ ಆ ಫೋಟೊನೇ ಮುಂದೆ ಕೆಲಸಕ್ಕೆ ಬಂತು.

ಅಲ್ಲಿಗೆ ಎರಡನೇ ಸಾಲು ಪೂರಾ ಸೊನ್ನೆ. 110 ರೂಪಾಯಿಯಲ್ಲಿ ಆಗುತ್ತೆ ಅಂದುಕೊಂಡಿದ್ದ 2,400 ಘನ ಮೀಟರ್ ಭರ್ತಿಗೂ ಹೊರಗಿನ ಗರಸೇ ಬೇಕು. ಒಂದು ಘನ ಮೀಟರ್‌ಗೆ 280 ರೂಪಾಯಿ ವ್ಯತ್ಯಾಸ, ಒಟ್ಟು 6,72,000.

ಭರ್ತಿಯ ಒಟ್ಟು ಅಳತೆಯನ್ನೂ ಒಮ್ಮೆ ಕೈಲೆಕ್ಕದಲ್ಲಿ ನೋಡಿದೆ. ರಸ್ತೆಯ ಮೇಲಿನ ಅಗಲ 7.5 ಮೀಟರ್, ಪಕ್ಕದ ಇಳಿಜಾರು ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಅಗಲ, ಭರ್ತಿಯ ಸರಾಸರಿ ಎತ್ತರ 0.8 ಮೀಟರ್. ನಡುವಿನದು 7.5 × 0.8, ಅಂದರೆ 6. ಎರಡೂ ಇಳಿಜಾರು ಸೇರಿ 1.28. ಒಟ್ಟು 7.28 ಚದರ ಮೀಟರ್, ಭರ್ತಿ ಇರುವ ಉದ್ದ 600 ಮೀಟರ್, ಹಾಗಾಗಿ 4,368. ಎರಡು ಭರ್ತಿ ಸಾಲು ಕೂಡಿಸಿದರೂ ಅದೇ ಬರುತ್ತೆ. ಅಂದರೆ ಗಣಿತ ಸರಿ ಇತ್ತು, ಮಣ್ಣು ಮಾತ್ರ ತಪ್ಪು. ಇಂಥ ತಪ್ಪು ಎಕ್ಸೆಲ್‌ನಲ್ಲಿ ಸಿಗಲ್ಲ.

ಉಳಿದ 300 ಮೀಟರ್ ದಿಬ್ಬದ ಕಟಿಂಗ್. ಡ್ರಾಯಿಂಗ್ ಬಿಡಿಸಿ ನೋಡಿದರೆ ಅಲ್ಲಿ ಸಬ್‌ಗ್ರೇಡ್‌ನ ತಳದವರೆಗೂ, ಅಂದರೆ 500 ಮಿಲಿಮೀಟರ್ ಜಾಸ್ತಿ ಕಡಿಯಲು ತೋರಿಸಿದ್ದಾರೆ. ಎರೆ ತೆಗೆಯಬೇಕು, ಸರಿ. ತೆಗೆದ ಆ ಗುಂಡಿಗೆ ಏನು ತುಂಬೋದು? 300 × 7.5 × 0.5, ಅಂದರೆ 1,125 ಘನ ಮೀಟರ್ ಗರಸು. ಯಾವ ಸಾಲಿನಲ್ಲೂ ಇಲ್ಲ! 390ರ ಲೆಕ್ಕದಲ್ಲಿ ಅದೇ 4,38,750 ರೂಪಾಯಿ.

ಇನ್ನು ಕಡಿದ ಎರೆಯನ್ನು ಎಲ್ಲಿಗೆ ಹಾಕೋದು? ಅದಕ್ಕೂ ಸಾಲು ಇಲ್ಲ, ಯಾಕೆಂದರೆ ಕಾಗದದ ಮೇಲೆ ಅದು ಭರ್ತಿಗೆ ಹೋಗಿಬಿಟ್ಟಿದೆ. ಅಗೆದರೆ ಮಣ್ಣು ಕಾಲು ಭಾಗ ಅರಳುತ್ತೆ ಅಂತ ಹಿಡಿಯಿರಿ, 2,400 ಹೋಗಿ 3,000 ಆಗುತ್ತೆ. 14 ಘನ ಮೀಟರ್ ಟಿಪ್ಪರ್‌ಗೆ 214 ಟ್ರಿಪ್ಪು. ಪಕ್ಕದ ಹೊಲದವರು ನಮಗೇ ಹಾಕಿ ಅಂದರೆ ಪುಣ್ಯ. ಇಲ್ಲದಿದ್ದರೆ ಡೀಸೆಲ್ ನಿಮ್ಮದು.

ಈಗ ಅವನ ಹತ್ತು ರೂಪಾಯಿ ಪ್ರಶ್ನೆಗೆ ಬಂದೆವು. 390 ಯಾಕೆ ಸಾಕು ಅನ್ನಿಸಿತು ಅಂತ ಕೇಳಿದೆ. ಮೊಬೈಲ್ ತೆಗೆದು ತೋರಿಸಿದ. 22 ಕಿಲೋಮೀಟರ್ ದೂರದಿಂದ ಟಿಪ್ಪರ್ ಬಾಡಿಗೆ ಟ್ರಿಪ್ಪಿಗೆ 2,800. ಗರಸು, ರಾಯಲ್ಟಿ, ಇಟಾಚಿ ಲೋಡಿಂಗ್ ಸೇರಿ 900. ಒಟ್ಟು 3,700, ಅದನ್ನು 14ರಿಂದ ಭಾಗಿಸಿದ್ದಾನೆ, 264 ಬಂದಿದೆ. ಹರವೋದು, ನೀರು, ರೋಲರ್‌ಗೆ 60. ಮೊತ್ತ 324. ಘನ ಮೀಟರ್‌ಗೆ 66 ರೂಪಾಯಿ ಉಳಿಯುತ್ತೆ ಅಂತ ಖುಷಿಯಲ್ಲಿದ್ದ.

"14 ಯಾವುದರ ಅಳತೆ?" ಅಂದೆ.

"ಟಿಪ್ಪರಿಂದು."

"ನಿನಗೆ ಬಿಲ್ ಮಾಡೋದು ಟಿಪ್ಪರ್ ಎಣಿಸಿಯೋ, ರೋಲರ್ ಓಡಿದ ಮೇಲೆ ಲೆವೆಲ್ ಹಿಡಿದೋ?"

ಸುಮ್ಮನಾದ.

ಭರ್ತಿಯ ಅಳತೆ ಎಂಬಿಗೆ, ಅಂದರೆ ಅಳತೆ ಪುಸ್ತಕಕ್ಕೆ, ಹೋಗುವುದು ಗಟ್ಟಿಯಾದ ಮಣ್ಣಿನ ಲೆಕ್ಕದಲ್ಲಿ. ಇದು ಅವನಿಗೇ ಗೊತ್ತಿರುವ ಸಂಗತಿ, ಜೋಡಿಸಿ ನೋಡಿರಲಿಲ್ಲ ಅಷ್ಟೇ. ಸೈಟಿನಲ್ಲಿ ಗರಸು 200 ಮಿಲಿಮೀಟರ್ ಹರವಿ ನೀರು ಹಾಕಿ ರೋಲರ್ ಓಡಿಸಿದರೆ ಎಷ್ಟಕ್ಕೆ ಕೂರುತ್ತೆ ಅಂತ ಕೇಳಿದರೆ ತಟ್ಟನೆ 150 ಅಂದ. ಹಾಗಾದರೆ ಟಿಪ್ಪರ್‌ನ ಮುಕ್ಕಾಲು ಪಾಲು. 14 ತಂದರೆ ಬಿಲ್ ಆಗೋದು 10.5. ಈಗ 3,700ನ್ನು 10.5ರಿಂದ ಭಾಗಿಸು. 352. ಅದಕ್ಕೆ 60 ಸೇರಿಸಿದರೆ 412. ಉಳಿಯುವ ಮಾತು ಬಿಡಿ, ಘನ ಮೀಟರ್‌ಗೆ 22 ರೂಪಾಯಿ ಕೈಯಿಂದ ಹೋಗುತ್ತೆ. ಹತ್ತು ರೂಪಾಯಿ ಜಾಸ್ತಿ ಕೊಟ್ಟರೂ ಲುಕ್ಸಾನೇ.

ಈ ಮುಕ್ಕಾಲು ಅನ್ನೋದು ಎಲ್ಲ ಗರಸಿಗೂ ಒಂದೇ ಅಲ್ಲ. ಕಲ್ಲು ಜಾಸ್ತಿ ಇದ್ದರೆ ಬೇರೆ, ಜೇಡಿ ಜಾಸ್ತಿ ಇದ್ದರೆ ಬೇರೆ. ಕೆಲಸದ ಮೊದಲ ದಿನವೇ ಹತ್ತು ಟ್ರಿಪ್ಪನ್ನು ಒಂದೇ ಕಡೆ ಹರವಿ, ರೋಲರ್ ಮುಗಿದ ಮೇಲೆ ಟೇಪು ಮತ್ತು ಲೆವೆಲ್ ಹಿಡಿದು ಅಳೆದುಬಿಡಿ. 100 ಮೀಟರ್ ಉದ್ದ, 7 ಮೀಟರ್ ಅಗಲ, 150 ಮಿಲಿಮೀಟರ್ ದಪ್ಪ ಬಂದರೆ 105 ಘನ ಮೀಟರ್, ತಂದದ್ದು 140. ಅಲ್ಲೇ ಉತ್ತರ ಸಿಕ್ಕಿತು. ಡ್ರೈವರ್ ಟಿಪ್ಪರ್ ತುಂಬಾ ತರುತ್ತಿದ್ದಾನೋ, ಮೂಲೆ ಖಾಲಿ ಬಿಟ್ಟು ತರುತ್ತಿದ್ದಾನೋ, ಅದೂ ಅಲ್ಲೇ ಗೊತ್ತಾಗುತ್ತೆ.

ದೂರವನ್ನೂ ನೀವೇ ಗಾಡಿ ಓಡಿಸಿ ನೋಡಿ. ಗದಗ ಕಡೆ ಕೆಂಪು ಗುಡ್ಡ ಕಣ್ಣಿಗೆ ಕಂಡಿತು ಅಂದ ಮಾತ್ರಕ್ಕೆ ಅಲ್ಲಿಂದ ತರಬಹುದು ಅಂತಲ್ಲ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಪರ್ಮಿಟ್ ಇರುವ ಜಾಗ ಎಲ್ಲಿದೆಯೋ ಅಲ್ಲಿಂದ ಸೈಟಿನವರೆಗಿನ ದೂರವೇ ನಿಮ್ಮ ಲೀಡ್.

ಕೊನೆಗೆ ಲೆವೆಲ್ ಹಾಳೆ. ಇದರಲ್ಲಿ ಪ್ರತಿ 30 ಮೀಟರ್‌ಗೆ ಒಂದು ಕ್ರಾಸ್ ಸೆಕ್ಷನ್, ಅಂದರೆ ಆ ಜಾಗದಲ್ಲಿ ಭರ್ತಿಯನ್ನು ಅಡ್ಡ ಕೊಯ್ದರೆ ಸಿಗುವ ವಿಸ್ತೀರ್ಣ. ಎರಡು ಸೆಕ್ಷನ್‌ಗಳ ಸರಾಸರಿ ತೆಗೆದು ನಡುವಿನ ದೂರದಿಂದ ಗುಣಿಸುವ ಪದ್ಧತಿ. ತಪ್ಪಿಲ್ಲ, ಎಲ್ಲರೂ ಮಾಡೋದು ಅದೇ. ರಸ್ತೆ ಶುರುವಿನಿಂದ 450 ಮೀಟರ್‌ನಲ್ಲಿ 6 ಚದರ ಮೀಟರ್, 480ರಲ್ಲೂ 6, ಹಾಗಾಗಿ ನಡುವೆ 180 ಘನ ಮೀಟರ್ ಅಂತ ಬರೆದಿದ್ದರು. ಆದರೆ ಇವನು ಜಾಗ ನೋಡಿ ಬಂದಿದ್ದನಲ್ಲ, "ಅಲ್ಲೊಂದು ತಗ್ಗು ಐತಿ ಅಣ್ಣಾ, ಮಳಿ ಬಂದ್ರ ಹರೀತೈತಿ" ಅಂದ. ಮರುದಿನ 465ರಲ್ಲಿ ಲೆವೆಲ್ ನೋಡುವ ಸ್ಟಾಫ್ ಕೋಲು ಹಿಡಿಸಿದರೆ ಅಕ್ಕಪಕ್ಕಕ್ಕಿಂತ 70 ಸೆಂಟಿಮೀಟರ್ ಕೆಳಗೆ. ಅಲ್ಲಿಯ ಸೆಕ್ಷನ್ 14 ಚದರ ಮೀಟರ್. 6 ಮತ್ತು 14ರ ಸರಾಸರಿ 10, 15 ಮೀಟರ್‌ಗೆ 150. ಆಚೆ ಕಡೆಗೂ 150. ಒಟ್ಟು 300. ಒಂದೇ ತಗ್ಗಿಗೆ 120 ಘನ ಮೀಟರ್ ಕಡಿಮೆ ಹಾಕಿದ್ದಾರೆ.

ಇದನ್ನು ಮಣ್ಣು ಬೀಳುವ ಮೊದಲೇ ಹಿಡಿಯಬೇಕು. ಜೆಇ ಮತ್ತು ಗುತ್ತಿಗೆದಾರರ ಕಡೆಯವರು ಒಟ್ಟಿಗೆ ನಿಂತು ಲೆವೆಲ್ ತೆಗೆದು, ಇಬ್ಬರೂ ಸಹಿ ಹಾಕಿ, ಆಮೇಲೆ ಜೆಸಿಬಿ ಇಳಿಸಬೇಕು. ಗರಸು ಹಾಕಿದ ಮೇಲೆ ಆ ತಗ್ಗು ಇತ್ತು ಅಂತ ಯಾವ ದೇವರ ಮುಂದೆ ಆಣೆ ಮಾಡುತ್ತೀರಿ? ನಾನೇ ಒಮ್ಮೆ ಹಾವೇರಿ ಕಡೆಯ ಕೆಲಸದಲ್ಲಿ ಅವಸರಕ್ಕೆ ಬಿದ್ದು ಹೀಗೆ ಮಾಡಿಕೊಂಡಿದ್ದೆ. ಬಿಲ್ ಆಗಲಿಲ್ಲ. ವಾದ ಮಾಡಲು ಕೈಯಲ್ಲಿ ಏನೂ ಇರಲಿಲ್ಲ.

ಇವನು ಸಹಿ ಹಾಕದೆ ವಾಪಸ್ ಹೋದ. ಸಿಲಿಂಡರ್ ಫೋಟೊ, ಲ್ಯಾಬ್ ರಿಪೋರ್ಟ್, 465ರ ಲೆವೆಲ್ ಸೇರಿಸಿ ಒಂದು ಪತ್ರ ಕೊಟ್ಟ. ಮುಖ್ಯ ಗುತ್ತಿಗೆದಾರರು 2,400ನ್ನು ಗರಸಿನ ಸಾಲಿಗೆ ಸೇರಿಸಲು ಒಪ್ಪಿದ್ದಾರೆ, ರೇಟನ್ನು 430ಕ್ಕೆ ತಂದಿದ್ದಾರೆ. ಕಟಿಂಗ್‌ನ 1,125ಕ್ಕೆ ಮಾತ್ರ "ಇಲಾಖೆ ಕೊಟ್ಟರೆ ಕೊಡ್ತೀವಿ" ಅಂದಿದ್ದಾರಂತೆ. ಬರವಣಿಗೆಯಲ್ಲಿ ಬರುವ ತನಕ ಆ 300 ಮೀಟರ್‌ಗೆ ಗಾಡಿ ಇಳಿಸಬೇಡ ಅಂದಿದ್ದೇನೆ.

ನಿನ್ನೆ ಮತ್ತೆ ಫೋನ್ ಬಂತು. ಈ ಸಲ ಊರೊಳಗಿನ ಕಾಂಕ್ರೀಟ್ ಚರಂಡಿ ಕೆಲಸದ ಬಿಒಕ್ಯೂ.

"ಅಣ್ಣಾ, ಅಗಿಯೂದು 620 ಬರದಾರ. ತಿರುಗಿ ಮಣ್ಣು ತುಂಬೂದೂ 620 ಬರದಾರ. ಹಂಗಾದ್ರ ಚರಂಡಿ ಎಲ್ಲಿ ಕೂಡ್ತೈತಿ?"