ಈ ವಾರದ ನಾಲ್ಕನೆಯ ಸೋಮಾರಿ ಸಹಪಾಠಿ

ಈ ವಾರ ಓದಿದ ನಾಲ್ಕನೆಯ ಅರ್ಜಿ ಬರಹದಲ್ಲಿಯೂ ಅದೇ ಸೋಮಾರಿ ಸಹಪಾಠಿ ಎದುರಾದ. ಡಿಸೆಂಬರ್ ಗಡುವು ಹತ್ತಿರವಾದಾಗ ನನ್ನ ಮೇಜಿಗೆ ಏನೆಲ್ಲ ಬಂದು ಬೀಳುತ್ತದೆಂಬುದು ನಿಮಗೆ ಗೊತ್ತೇ ಇದೆ. ಅಮೆರಿಕದಲ್ಲಿ ಎಂಎಸ್ ಓದಲು ಹೊರಟವರಿಗೆ ಕೆಲವು ಕಡೆ, ತಂಡದಲ್ಲಿ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ ಎಂಬ ಪ್ರಶ್ನೆ ಇರುತ್ತದೆ. ನಮ್ಮ ಹುಡುಗರ ಉತ್ತರ ಒಂದೇ: ನಾಲ್ವರಿದ್ದೆವು, ಒಬ್ಬ ಸಹಕರಿಸಲಿಲ್ಲ, ಹೊಣೆಯನ್ನೆಲ್ಲ ನಾನೇ ಹೊತ್ತೆ, ರಾತ್ರಿಯಿಡೀ ಕೂತು ಕೋಡ್ ಬರೆದೆ, ಬಹುಮಾನ ಬಂತು. ಕೂಡಿ ದುಡಿಯುವ ಗುಣವನ್ನು ತೋರಿಸು ಎಂದರೆ, ಯಾರೂ ಜೊತೆಗಿಲ್ಲದಿದ್ದರೂ ತನಗೇನೂ ನಷ್ಟವಿಲ್ಲವೆಂದು ಸಾಬೀತುಪಡಿಸುವ ಈ ಉತ್ಸಾಹಕ್ಕೆ ಏನೆನ್ನಬೇಕೋ ತಿಳಿಯದು.

ನಿನ್ನೆ ಓದಿದ ಆ ನಾಲ್ಕನೆಯ ಬರಹಕ್ಕೆ ಸಿಟ್ಟು ಹೆಚ್ಚಲು ಇನ್ನೊಂದು ಕಾರಣವಿತ್ತು. ಆ ಪ್ರಾಜೆಕ್ಟಿನ ಗೈಡ್ ನಾನೇ. ಕ್ಯಾಮೆರಾದ ಮುಂದೆ ಹಾದುಹೋಗುವ ಚಾಲಿ ಅಡಿಕೆಯಿಂದ ಕೆಳದರ್ಜೆಯ ಪಟೋರವನ್ನೂ ಕರಿಗೋಟನ್ನೂ ಗುರುತಿಸಿ ಬೇರ್ಪಡಿಸುವ ಯಂತ್ರವದು. ‘ತಂಡದ ಒಬ್ಬ ಸದಸ್ಯನ ಅವಾಸ್ತವಿಕ ಬೇಡಿಕೆಗಳಿಂದ ಕೆಲಸ ವಿಳಂಬವಾಯಿತು, ಪರಸ್ಪರ ಮಾತುಕತೆಯಿಂದ ನಾನು ಅದನ್ನು ಬಗೆಹರಿಸಿದೆ’ ಎಂದು ಹುಡುಗ ಬರೆದಿದ್ದ. ನಾನು ಕಪಾಟಿನಿಂದ ಪ್ರಾಜೆಕ್ಟ್ ಡೈರಿಯನ್ನು ತೆಗೆದೆ. ವಾರವಾರವೂ ನಾನು ಸಹಿ ಹಾಕಿದ ಪುಟಗಳಲ್ಲಿ ಬೇರೆಯದೇ ಕಥೆ ಇತ್ತು.

ಚಿತ್ರ ನೋಡಿ ಅಡಿಕೆಯನ್ನು ಗುರುತಿಸಲು ಇವನು ಕಲಿಸಿದ ಕಂಪ್ಯೂಟರ್ ಮಾದರಿ ಲ್ಯಾಪ್‌ಟಾಪಿನಲ್ಲಿ ನೂರಕ್ಕೆ 94 ಸಲ ಸರಿಯಾಗಿ ಹೇಳುತ್ತಿತ್ತು. ‘ಅಡಿಕೆ ಅಂಗಳದಲ್ಲಿ ಲ್ಯಾಪ್‌ಟಾಪ್ ಯಾರು ಇಡುತ್ತಾರೆ, ಸಣ್ಣ ರಾಸ್ಪ್‌ಬೆರಿ ಪೈ ಕಂಪ್ಯೂಟರ್ ಬೋರ್ಡಿನಲ್ಲಿ ಓಡಬೇಕು’ ಎಂಬುದು ಇನ್ನೊಬ್ಬನ ವಾದ. ಅದೇ ಆ ಅವಾಸ್ತವಿಕ ಬೇಡಿಕೆ! ಆ ಹುಡುಗ ಪುತ್ತೂರಿನ ಕಡೆಯವನು. ಮನೆಯ ಅಂಗಳದಲ್ಲಿ ಟಾರ್ಪಾಲಿನ ಮೇಲೆ ಹರಡಿದ ಅಡಿಕೆಯ 200 ಫೋಟೋ ತೆಗೆದು ತಂದ. ಯಾರ ಮಾದರಿ ಆ ಫೋಟೋಗಳಲ್ಲಿ ಗೆಲ್ಲುವುದೋ ಅದನ್ನೇ ಇಟ್ಟುಕೊಳ್ಳುವುದೆಂದು ಪರೀಕ್ಷೆಗೆ ಮೊದಲೇ ಇಬ್ಬರೂ ಡೈರಿಯಲ್ಲಿ ಬರೆದು ಒಪ್ಪಿದ್ದರು. ಫಲಿತಾಂಶ ಬಂದಾಗ ಇವನದು 71ಕ್ಕೆ ಇಳಿದಿತ್ತು, ಅವನದು 68ಕ್ಕೆ. ಇಬ್ಬರೂ ಸೋತಿದ್ದರು. ಕಲಿಸಲು ಬಳಸಿದ ಚಿತ್ರಗಳೆಲ್ಲ ಲ್ಯಾಬಿನ ಟ್ಯೂಬ್‌ಲೈಟಿನಡಿ ಬಿಳಿ ಹಾಳೆಯ ಮೇಲೆ ತೆಗೆದವಾಗಿದ್ದರಿಂದ, ಬಿಸಿಲು ಮತ್ತು ನೀಲಿ ಟಾರ್ಪಾಲನ್ನು ಕಂಡು ಎರಡೂ ಮಾದರಿಗಳು ಕಂಗಾಲಾಗಿದ್ದವು. ಆಮೇಲೆ ಇಬ್ಬರೂ ಕೂಡಿ ಅಂಗಳದಲ್ಲಿ ಹೊಸ ಚಿತ್ರಗಳನ್ನು ತೆಗೆದರು. ಇವನ ದೊಡ್ಡ ಮಾದರಿ ಬೋರ್ಡಿನಲ್ಲಿ ಒಂದು ಅಡಿಕೆಗೆ ನಾಲ್ಕು ಸೆಕೆಂಡ್ ತಿನ್ನುತ್ತಿದ್ದುದರಿಂದ ಅದನ್ನು ಇವನೇ ಕೈಬಿಟ್ಟು, ಗೆಳೆಯನ ಸಣ್ಣ ಮಾದರಿಯನ್ನು ತಿದ್ದಲು ಕುಳಿತ.

‘ಇಷ್ಟು ಒಳ್ಳೆಯ ವಿಷಯವನ್ನು ಯಾಕಪ್ಪಾ ಬಿಟ್ಟೆ?’ ಎಂದು ಕೇಳಿದೆ.

‘ಸರ್, ಅದು ನಾನು ಸೋತ ಕಥೆ ಅಲ್ವಾ?’

ಅದನ್ನೇ ಬರೆಯಬೇಕಿತ್ತು. ‘ಮಾತುಕತೆಯಿಂದ ಬಗೆಹರಿಸಿದೆ’ ಎಂಬ ವಾಕ್ಯದಲ್ಲಿ ಯಾರು ಏನು ಹೇಳಿದರು, ಯಾರ ನಿಲುವು ಯಾವುದನ್ನು ಕಂಡು ಬದಲಾಯಿತು ಎಂಬುದಾವುದೂ ಇಲ್ಲ. ಅದನ್ನು ಯಾವ ಅರ್ಜಿಗೆ ಬೇಕಾದರೂ ಅಂಟಿಸಬಹುದು. ಎದುರಾಳಿಯ ವಾದವನ್ನು ಅವನೇ ಓದಿ ‘ಹೌದು, ನಾನು ಹೇಳಿದ್ದು ಇದನ್ನೇ’ ಎಂದು ತಲೆದೂಗುವಷ್ಟು ನ್ಯಾಯವಾಗಿ ಎರಡು ವಾಕ್ಯಗಳಲ್ಲಿ ಬರೆಯುವುದು ಮೊದಲ ಕೆಲಸ. ಬಳಿಕ ಆ 200 ಫೋಟೋಗಳ ಒಪ್ಪಂದ ಬರಲಿ, ಏಕೆಂದರೆ ಜಗಳ ಮುಗಿದದ್ದು ಯಾರದೋ ದೊಡ್ಡತನದಿಂದಲ್ಲ, ಆ ಒಪ್ಪಂದದಿಂದ. ಕೊನೆಗೆ ತಾನು ಬಿಟ್ಟುಕೊಟ್ಟದ್ದು. 150 ಪದಗಳಲ್ಲಿ ಇಷ್ಟೂ ಹಿಡಿಯುತ್ತದೆ. ಪ್ರಶ್ನೆಯನ್ನೇ ಕೇಳದ ಕಡೆ ಅಷ್ಟೂ ಬೇಡ, ಓದಬೇಕೆಂದಿರುವ ವಿಷಯದ ನಡುವೆ ಎರಡು ಸಾಲು ಸಾಕು. ಸಹಪಾಠಿ ನಿಜಕ್ಕೂ ಮುಖವನ್ನೇ ತೋರಿಸಿರಲಿಲ್ಲವಾದರೆ, ದಯವಿಟ್ಟು ಬೇರೊಂದು ಪ್ರಸಂಗವನ್ನು ಆರಿಸಿಕೊಳ್ಳಿ; ಓದುವವರಿಗೆ ಒಂದೇ ಕಡೆಯ ದೂರು ಕೇಳಿಸುತ್ತದೆಯೇ ಹೊರತು ಇನ್ನೇನೂ ತಿಳಿಯುವುದಿಲ್ಲ.

ಕನ್ಸಲ್ಟೆನ್ಸಿಯವರು ಹೇಳುವುದೇ ಬೇರೆಯಂತೆ: ನೂರಾರು ಅರ್ಜಿಗಳ ನಡುವೆ ತಪ್ಪೊಪ್ಪಿಕೊಂಡವನು ಕೆಳಗೆ ಬೀಳುತ್ತಾನೆ, ನಾಯಕತ್ವವನ್ನೇ ಮುಂದಿಡಬೇಕು ಎಂದು. ಇರಬಹುದು. ಆದರೆ ಆ ನೂರಾರು ಅರ್ಜಿಗಳಲ್ಲಿಯೂ ನಾಯಕರೇ ತುಂಬಿರುವಾಗ, ಇವನು ಯಾವ ಸಾಲಿನಲ್ಲಿ ಬೇರೆಯಾಗಿ ಕಾಣಬೇಕು? ಕನ್ಸಲ್ಟೆನ್ಸಿಯ ಫೀಸಿನಲ್ಲಿ ಅದಕ್ಕೆ ಉತ್ತರ ಸೇರಿಲ್ಲವೆಂದು ಕಾಣುತ್ತದೆ.

ಇಷ್ಟೆಲ್ಲ ಬೈದ ಮೇಲೆ ನನ್ನದನ್ನೂ ಹೇಳಬೇಕು. ಶಿಫಾರಸು ಪತ್ರದ ಜೊತೆಗೆ ಒಂದು ಕೋಷ್ಟಕ ಬಂದಿತ್ತು. ತಂಡದಲ್ಲಿ ದುಡಿಯುವ ಸಾಮರ್ಥ್ಯದ ಎದುರು ಮೊದಲ ಶೇ. 5, ಶೇ. 10, ಶೇ. 25 ಎಂಬ ಚೌಕಗಳಿದ್ದವು. ಆ ತಂಡದಿಂದ ಹೋದ ವರ್ಷ ಅರ್ಜಿ ಹಾಕಿದ ಇಬ್ಬರಿಗೂ ನಾನು ಡೈರಿಯನ್ನು ತೆರೆಯದೆಯೇ ಮೊದಲ ಶೇ. 5ಕ್ಕೆ ಗುರುತು ಹಾಕಿ ಕಳಿಸಿದ್ದೆ. ಪತ್ರದಲ್ಲಿ ಬರೆದದ್ದು, ‘ಉತ್ತಮ ಸಹಕಾರಿ ಮನೋಭಾವದ ವಿದ್ಯಾರ್ಥಿ’ ಎಂದು. ಇಬ್ಬರಿಗೂ ಅದೇ ವಾಕ್ಯ.