‘ಇವರಿಗೆಲ್ಲ ಮೆಸೇಜ್ ಹಾಕಿ’

ಶಾಲೆಯ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿನ್ನೆ ರಾತ್ರಿ ಉದ್ದನೆಯ ಪಟ್ಟಿಯೊಂದು ಬಂದು ಬಿದ್ದಿತು. ನೂರಕ್ಕೂ ಹೆಚ್ಚು ಹೆಸರು, ಮೊಬೈಲ್ ಸಂಖ್ಯೆ, ಕೆಳಗೆ ಒಂದೇ ಸಾಲು: ‘ಇವರಿಗೆಲ್ಲ ಮೆಸೇಜ್ ಹಾಕಿ.’ ಸ್ನೇಹ ಸಮ್ಮಿಲನಕ್ಕೆ ಕರೆಯುವ ಉತ್ಸಾಹ ಅದು, ದುರುದ್ದೇಶವೇನೂ ಇಲ್ಲ. ಆದರೆ ಯಾರೋ ತಮ್ಮ ನೆನಪಿಗೆಂದು ಬರೆದುಕೊಂಡಿದ್ದನ್ನು ಹಾಗೆಯೇ ಅಂಟಿಸಿದ್ದರು. ಕೆಲವು ಹೆಸರುಗಳ ಪಕ್ಕದಲ್ಲಿ ‘ಗಂಡನ ನಂಬರ್’, ‘ದುಬೈ’, ‘ರಾತ್ರಿ ಮಾತ್ರ ಸಿಗುತ್ತಾಳೆ’ ಎಂದೆಲ್ಲ ಇತ್ತು. ಇಂಥದ್ದನ್ನು ಆಮೇಲೆ ಅಳಿಸಬಹುದು, ನಿಜ. ಅಷ್ಟರಲ್ಲಿ ಯಾರು ಯಾರು ನಕಲು ಮಾಡಿಕೊಂಡರು ಎಂದು ತಿಳಿಯುವುದು ಹೇಗೆ?

ಇಷ್ಟೆಲ್ಲ ಮಾಡಿದರೂ ಕರೆ ಎಲ್ಲರಿಗೂ ತಲುಪುವುದಿಲ್ಲ ಎನ್ನುವುದು ಇದರ ತಮಾಷೆ. ಒಂದೇ ಸಂದೇಶವನ್ನು ಒಮ್ಮೆಗೇ ಹಲವರಿಗೆ ಕಳುಹಿಸುವ ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು, ಆದರೆ ನಿಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ನೀವು ಅವರ ಸಂಖ್ಯೆಯನ್ನು ಉಳಿಸಿಕೊಂಡರೆ ಸಾಲದು. ಇಪ್ಪತ್ತು ವರ್ಷ ಮಾತುಕತೆಯೇ ಇಲ್ಲದ ಸಹಪಾಠಿಯ ಫೋನಿನಲ್ಲಿ ನಿಮ್ಮ ಸಂಖ್ಯೆ ಎಲ್ಲಿಂದ ಬರಬೇಕು? ಕಳುಹಿಸಿದ ಸಂದೇಶದ ವಿವರ ತೆರೆದು ನೋಡಿ: ಯಾರನ್ನು ಹುಡುಕಲು ಹೊರಟಿದ್ದೆವೋ ಅವರ ಹೆಸರೇ ‘ತಲುಪಿದೆ’ ಎಂಬುದರ ಕೆಳಗೆ ಇರುವುದಿಲ್ಲ. ಇತ್ತ ಕಳುಹಿಸಿದವರು ‘ಎಲ್ಲರಿಗೂ ಹೇಳಿಯಾಯಿತು’ ಎಂದು ನಿಶ್ಚಿಂತೆಯಿಂದ ಕುಳಿತಿರುತ್ತಾರೆ.

ಹಾಗಾದರೆ ಒಬ್ಬೊಬ್ಬರಿಗೂ ಅದೇ ಬರಹವನ್ನು ಬಿಡಿಬಿಡಿಯಾಗಿ ಕಳುಹಿಸೋಣವೇ? ಅಪರಿಚಿತ ಸಂಖ್ಯೆಯಿಂದ ಬಂದ ಸಂದೇಶದ ಜೊತೆಗೆ ತಡೆಯುವ ಮತ್ತು ದೂರು ನೀಡುವ ಗುಂಡಿಗಳೂ ಕಾಣಿಸುತ್ತವೆ. ಸಾಲದ ಆಮಿಷ, ನಕಲಿ ಉದ್ಯೋಗದ ಕರೆಗಳಿಂದ ಬೇಸತ್ತವರು ನಮ್ಮದನ್ನು ಓದುವ ಮೊದಲೇ ಅವನ್ನು ಒತ್ತುತ್ತಾರೆ, ಅದರಲ್ಲಿ ಅವರ ತಪ್ಪೇನಿದೆ? ಅಂಥ ದೂರುಗಳು ಹೆಚ್ಚಿದರೆ ಕಳುಹಿಸಿದವರ ಖಾತೆಯೇ ನಿಷೇಧಕ್ಕೆ ಒಳಗಾಗಬಹುದು. ಒಮ್ಮೆಗೇ ನೂರಾರು ಜನರಿಗೆ ಕಳುಹಿಸುವ ತಂತ್ರಾಂಶಗಳನ್ನು ಬಳಸುವುದಂತೂ ವಾಟ್ಸ್‌ಆ್ಯಪ್ ನಿಯಮಗಳಿಗೇ ವಿರುದ್ಧ.

2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ವೈಯಕ್ತಿಕ, ಮನೆಮಟ್ಟದ ಬಳಕೆಯನ್ನು ಹೊರಗಿಟ್ಟಿದೆ, ಹಾಗಾಗಿ ಕಾನೂನು ತೋರಿಸಿ ಗೆಳೆಯರನ್ನು ಹೆದರಿಸುವ ಉದ್ದೇಶ ನನಗಿಲ್ಲ. ಆದರೂ ಯಾರೋ ಒಬ್ಬಳು ಗೆಳತಿಯನ್ನು ನಂಬಿ ಕೊಟ್ಟ ಸಂಖ್ಯೆ ಇಡೀ ಬ್ಯಾಚಿನ ಸ್ವತ್ತಲ್ಲ. ಶಾಲೆಯ ದಿನಗಳ ಕಹಿಯಿಂದಲೇ ದೂರ ಉಳಿದವರೂ ಆ ಪಟ್ಟಿಯಲ್ಲಿ ಇರಬಹುದಲ್ಲವೇ?

ಸಂಘಟಕರಿಗೆ ಒಂದು ಸಲಹೆ. ಪಟ್ಟಿ ನಿಮ್ಮ ಬಳಿಯೇ ಇರಲಿ, ಗುಂಪಿನಲ್ಲಿ ಹೆಸರುಗಳನ್ನಷ್ಟೇ ಹಾಕಿ, ‘ಇವರಲ್ಲಿ ಯಾರ ಸಂಪರ್ಕ ಯಾರಿಗಿದೆ?’ ಎಂದು ಕೇಳಿ. ಈಗಲೂ ಮಾತನಾಡುವವರು ತಮ್ಮವರಿಗೆ ತಾವೇ ಹೇಳಲಿ. ಯಾರಿಗೂ ಪರಿಚಯ ಉಳಿದಿಲ್ಲದ ಕೆಲವರಿಗೆ ಮಾತ್ರ ಒಬ್ಬರೇ ಬರೆಯಲಿ: ಮೊದಲ ಸಾಲಿನಲ್ಲಿ ತಮ್ಮ ಹೆಸರು, ಸೆಕ್ಷನ್, ಹತ್ತನೆಯ ತರಗತಿ ಮುಗಿಸಿದ ವರ್ಷ, ಆಮೇಲೆ ಈ ಸಂಖ್ಯೆ ಯಾರಿಂದ ಸಿಕ್ಕಿತು ಎಂಬುದು, ಕೊನೆಗೆ ‘ಗುಂಪಿಗೆ ಸೇರಿಸಬಹುದೇ?’ ಎಂಬ ಪ್ರಶ್ನೆ. ಉತ್ತರ ಬಾರದಿದ್ದರೆ ಮತ್ತೆ ಬರೆಯುವುದು ಬೇಡ.